ನಾನ್ ಕೊನೆಗೆ, ಚಿಕನ್ ಮೊದಲಿಗೆ: ರಾತ್ರಿಯ ರಶ್‌ನಲ್ಲಿ ಒಂದು ಟೇಬಲ್ಲಿನ ಊಟವನ್ನು ಒಟ್ಟಿಗೆ ಹೊರಡಿಸುವುದು ಹೇಗೆ

ಬೆಂಗಳೂರಿನಲ್ಲಿ ಅರವತ್ತು ಎಪ್ಪತ್ತು ಸೀಟಿನ ರೆಸ್ಟೋರೆಂಟ್ ನಡೆಸುವವರು ನನ್ನಲ್ಲಿ ಪದೇ ಪದೇ ಕೇಳುವುದು ಒಂದೇ ಪ್ರಶ್ನೆ. ಅಡುಗೆಯವರು ನುರಿತವರು, ರುಚಿಯ ಬಗ್ಗೆ ದೂರಿಲ್ಲ. ಆದರೆ ಶನಿವಾರ ರಾತ್ರಿ ಎಂಟೂವರೆ ದಾಟಿತೆಂದರೆ ನಾನ್ ಟೇಬಲ್ ಸೇರಿರುತ್ತದೆ, ಗ್ರೇವಿ ಬಂದಿರುವುದಿಲ್ಲ. ಆರು ಜನರಲ್ಲಿ ನಾಲ್ವರು ತಿನ್ನುತ್ತಿರುತ್ತಾರೆ, ಇಬ್ಬರು ಅವರ ಮುಖ ನೋಡುತ್ತಾ ಕುಳಿತಿರುತ್ತಾರೆ. ಇನ್ನೊಬ್ಬ ಅಡುಗೆಯವರನ್ನು ಸೇರಿಸಿಕೊಳ್ಳಬೇಕೇ, ಇನ್ನೊಂದು ತಂದೂರು ಕೂರಿಸಬೇಕೇ ಎಂದು ಕೇಳುತ್ತಾರೆ.

ನಾನು ನೋಡಿದ ಬಹುತೇಕ ಅಡುಗೆಮನೆಗಳಲ್ಲಿ ಕೊರತೆಯಿದ್ದದ್ದು ಕೈಗಳಲ್ಲಿ ಅಲ್ಲ, ಶುರು ಮಾಡುವ ಕ್ರಮದಲ್ಲಿ. ಚೀಟಿ ಬಂದ ಕೂಡಲೇ ಎಲ್ಲರೂ ಎಲ್ಲವನ್ನೂ ಒಟ್ಟಿಗೆ ಶುರು ಮಾಡುತ್ತಾರೆ. ಒಟ್ಟಿಗೆ ಶುರುವಾದದ್ದು ಒಟ್ಟಿಗೆ ಮುಗಿಯುವುದಿಲ್ಲ. ಒಟ್ಟಿಗೆ ಮುಗಿಯಬೇಕಾದರೆ ಬೇರೆ ಬೇರೆ ಹೊತ್ತಿಗೆ ಶುರುವಾಗಬೇಕು. ಆ ಹೊತ್ತುಗಳನ್ನು ಲೆಕ್ಕ ಹಾಕುವುದನ್ನು ಇಲ್ಲಿ ಒಂದೇ ಟೇಬಲ್ಲಿನ ಚೀಟಿ ಹಿಡಿದು ವಿವರಿಸುತ್ತೇನೆ. ನಾನ್, ಗ್ರೇವಿ, ಫ್ರೈಡ್ ರೈಸ್, ತಂದೂರಿ ಎಲ್ಲವೂ ಸಿಗುವ ಫ್ಯಾಮಿಲಿ ರೆಸ್ಟೋರೆಂಟ್ ನನ್ನ ಮನಸ್ಸಿನಲ್ಲಿದೆ. ಟೋಕನ್ ಕೊಟ್ಟು ನಿಂತು ತಿನ್ನುವ ದರ್ಶಿನಿಗಳಿಗೆ ಈ ಲೆಕ್ಕ ಬೇಕಾಗುವುದಿಲ್ಲ.

ಮೊದಲು ಕೆಲವು ಪದಗಳು. ಕೆಒಟಿ ಎಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ. ಟೇಬಲ್ ಸಂಖ್ಯೆ, ಎಷ್ಟು ಜನ, ಏನೇನು ಬೇಕು, ಎಷ್ಟು ಗಂಟೆಗೆ ಬರೆದದ್ದು ಎಲ್ಲವೂ ಅದರಲ್ಲಿರುತ್ತದೆ. ಪಾಸ್ ಎಂದರೆ ತಯಾರಾದ ತಟ್ಟೆಗಳನ್ನು ಅಡುಗೆಯವರು ಇಡುವ, ಸಪ್ಲೈಯರ್‌ಗಳು ಎತ್ತಿಕೊಳ್ಳುವ ಕಟ್ಟೆ. ಸೆಕ್ಷನ್ ಎಂದರೆ ಒಬ್ಬೊಬ್ಬ ಅಡುಗೆಯವರ ಜಾಗ: ತಂದೂರು, ಗ್ರೇವಿ ಮಾಡುವ ಇಂಡಿಯನ್, ಬಾಣಲೆಯ ಚೈನೀಸ್. ಪಾಸ್‌ನಲ್ಲಿ ನಿಂತು ಚೀಟಿ ನೋಡಿ ಯಾರು ಯಾವಾಗ ಶುರು ಮಾಡಬೇಕೆಂದು ಹೇಳುವವರನ್ನು ಈ ಲೇಖನದಲ್ಲಿ ಕೂಗುವವರು ಎನ್ನುತ್ತೇನೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಪಾಸ್‌ನ ಎದುರು ದೊಡ್ಡದೊಂದು ಗೋಡೆ ಗಡಿಯಾರ, ಚೀಟಿಗಳನ್ನು ಸಾಲಾಗಿ ಸಿಕ್ಕಿಸುವ ಪಟ್ಟಿ, ಒಂದು ಪೆನ್ನು, ಮುಗಿದ ಚೀಟಿ ಚುಚ್ಚಿಡುವ ಸೂಜಿ. ಕರೆಂಟ್ ಹೋದಾಗ ಪ್ರಿಂಟರ್ ನಿಲ್ಲುವುದರಿಂದ ಕಾರ್ಬನ್ ಹಾಳೆಯ ಒಂದು ಕೆಒಟಿ ಪುಸ್ತಕ ಯಾವಾಗಲೂ ಕೈಗೆಟಕುವಲ್ಲಿರಲಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಏಳೂವರೆಯಿಂದ ಹತ್ತೂವರೆಯವರೆಗೆ ಬೇರೆ ಯಾವ ಕೆಲಸವನ್ನೂ ಹೊರದ ಒಬ್ಬ ಕೂಗುವವರು ಬೇಕು. ಕ್ಯಾಶ್ ಕೌಂಟರನ್ನೂ ಪಾಸನ್ನೂ ಒಬ್ಬರೇ ನೋಡಿಕೊಳ್ಳಲು ಹೊರಟರೆ ಎರಡೂ ಕೆಡುತ್ತವೆ.

1. ನಿಮ್ಮದೇ ಅಡುಗೆಮನೆಯ ಸಮಯಪಟ್ಟಿ ಬರೆಯಿರಿ

ಪ್ರತಿ ಖಾದ್ಯಕ್ಕೂ ಎರಡು ಸಂಖ್ಯೆ ಬೇಕು. ಕೂಗಿದ ಕ್ಷಣದಿಂದ ಪಾಸ್‌ಗೆ ಬಂದು ಕೂರಲು ಎಷ್ಟು ನಿಮಿಷ ಎಂಬುದು ಒಂದು. ಪಾಸ್‌ನಲ್ಲಿ ಕೆಡದೆ ಎಷ್ಟು ಹೊತ್ತು ಕಾಯಬಲ್ಲದು ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಅಂದಾಜಿನಲ್ಲಾದರೂ ಬಲ್ಲರು. ಎರಡನೆಯದನ್ನು ಬರೆದಿಟ್ಟವರನ್ನು ನಾನು ಕಂಡದ್ದು ಬಹಳ ಕಡಿಮೆ. ಆದರೆ ಕ್ರಮವನ್ನು ತೀರ್ಮಾನಿಸುವುದು ಆ ಎರಡನೆಯದೇ.

ನಾನ್ ಎರಡು ಮೂರು ನಿಮಿಷ ದಾಟಿದರೆ ಚರ್ಮದಂತಾಗುತ್ತದೆ. ಉಬ್ಬಿದ ಬಟೂರ ಒಂದೇ ನಿಮಿಷದಲ್ಲಿ ಕುಸಿಯುತ್ತದೆ. ಗೋಬಿ ಮಂಚೂರಿಯ ಹೊದಿಕೆ ಸಾಸ್ ತಗುಲಿದ ಮೇಲೆ ನಾಲ್ಕೈದು ನಿಮಿಷದಲ್ಲಿ ಮೆತ್ತಗಾಗುತ್ತದೆ. ಹಾಗಾಗಿ ಅದನ್ನು ಕರಿದಿಟ್ಟು ಕಾಯಿಸಬಹುದು, ಸಾಸ್‌ನಲ್ಲಿ ತಿರುವಿ ಕಾಯಿಸಬಾರದು. ಗ್ರೇವಿಯಾದರೆ ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಆರಾಮವಾಗಿ ನಿಲ್ಲುತ್ತದೆ. ದಾಲ್ ಇನ್ನೂ ಹೆಚ್ಚು ಹೊತ್ತು ತಾಳುತ್ತದೆ, ಒಗ್ಗರಣೆ ಮಾತ್ರ ಕೊನೆಯ ಕ್ಷಣದಲ್ಲಿ ಬೀಳಬೇಕು. ಕಾಯುತ್ತದೆ ಎಂದ ಮಾತ್ರಕ್ಕೆ ಉರಿಯಿಂದ ಇಳಿಸಿ ಕಟ್ಟೆಯ ಮೇಲೆ ಬಿಡಬೇಡಿ. ಬಿಸಿಯಾಗಿ ಇಡುವ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು.

ಮಾಡುವ ಸಮಯವನ್ನು ಬಿಡುವಿನ ಮಧ್ಯಾಹ್ನದಲ್ಲಿ ಅಳೆಯಬೇಡಿ. ಮಂಗಳವಾರ ಮೂರು ಗಂಟೆಗೆ ಐದು ನಿಮಿಷದಲ್ಲಿ ಆಗುವ ಪನೀರ್ ಬಟರ್ ಮಸಾಲಾ, ನಾಲ್ಕು ಒಲೆಗಳೂ ತುಂಬಿರುವ ಶನಿವಾರ ರಾತ್ರಿ ಆರು ಏಳು ನಿಮಿಷ ತೆಗೆದುಕೊಳ್ಳುತ್ತದೆ. ಎರಡು ವಾರಾಂತ್ಯಗಳಲ್ಲಿ ರಶ್ ನಡುವೆಯೇ ಗಡಿಯಾರ ನೋಡಿ ಬರೆದುಕೊಳ್ಳಿ. ಮೆನುವಿನ ಇನ್ನೂರು ಖಾದ್ಯಗಳನ್ನೂ ಅಳೆಯಬೇಕಾಗಿಲ್ಲ, ಹೆಚ್ಚು ಹೋಗುವ ಇಪ್ಪತ್ತೈದು ಸಾಕು.

2. ಇಡೀ ಟೇಬಲ್ಲಿನ ಚೀಟಿ ಪಾಸ್‌ಗೆ ಬರಲಿ

ಈಗಿನ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಒಂದು ಆರ್ಡರನ್ನು ಸೆಕ್ಷನ್‌ಗಳಿಗೆ ತಕ್ಕಂತೆ ಒಡೆದು ಬೇರೆ ಬೇರೆ ಪ್ರಿಂಟರಿಗೆ ಕಳಿಸಬಲ್ಲವು. ತಂದೂರಿನ ಪ್ರಿಂಟರಿನಲ್ಲಿ ನಾನ್ ಮಾತ್ರ, ಚೈನೀಸ್‌ನಲ್ಲಿ ಫ್ರೈಡ್ ರೈಸ್ ಮಾತ್ರ ಬರುತ್ತದೆ. ನೋಡಲು ಅಚ್ಚುಕಟ್ಟು. ಆದರೆ ಎಡವಟ್ಟು ಹುಟ್ಟುವುದೂ ಇಲ್ಲಿಯೇ. ತಂದೂರಿನವರಿಗೆ ತಮ್ಮ ಎಂಟು ನಾನ್ ಯಾವ ಗ್ರೇವಿಯ ಜೊತೆ ಹೋಗಬೇಕು ಎಂಬುದೇ ಕಾಣುವುದಿಲ್ಲ. ಚೀಟಿ ಬಂತು, ಹಿಟ್ಟು ಸಿದ್ಧವಿದೆ, ತಟ್ಟಿ ಅಂಟಿಸಿಬಿಡುತ್ತಾರೆ. ಅವರ ತಪ್ಪೇನೂ ಇಲ್ಲ.

ಆದ್ದರಿಂದ ಸೆಟ್ಟಿಂಗ್ ಬದಲಾಯಿಸಿ, ಒಡೆಯದ ಪೂರ್ಣ ಚೀಟಿ ಪಾಸ್‌ನ ಪ್ರಿಂಟರಿನಲ್ಲಿ ಬರುವಂತೆ ಮಾಡಿಸಿ. ಸೆಕ್ಷನ್‌ನಲ್ಲಿ ಬರುವ ಚೀಟಿ ಸಿದ್ಧತೆಗೆ ಮಾತ್ರ: ತರಕಾರಿ ತೆಗೆದಿಡುವುದು, ಉಂಡೆ ಎಣಿಸಿಡುವುದು. ಕೂಗದೆ ಯಾರೂ ಉರಿಗೆ ಹಾಕಬಾರದು. ಈ ಒಂದು ನಿಯಮ ಕೂರುವುದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ, ಬಿಡಬೇಡಿ.

ಚೀಟಿಯ ಕಾಗದದ ಬಗ್ಗೆಯೂ ಎಚ್ಚರ ಬೇಕು. ಪ್ರಿಂಟರಿನ ಥರ್ಮಲ್ ಕಾಗದದಲ್ಲಿ ಶಾಯಿ ಇರುವುದಿಲ್ಲ. ಬಿಸಿ ತಗುಲಿದಲ್ಲಿ ಕಪ್ಪಾಗುವುದೇ ಅದರ ಗುಣ. ತಂದೂರಿನ ಬಾಯಿಯ ಪಕ್ಕ ಅಥವಾ ಬಿಸಿ ದೀಪದ ಕೆಳಗೆ ಸಿಕ್ಕಿಸಿದ ಚೀಟಿ ಇಡಿಯಾಗಿ ಕಪ್ಪಾಗಿ ಓದಲು ಬಾರದಂತಾಗುತ್ತದೆ. ಚೀಟಿಯ ಪಟ್ಟಿ ಕಣ್ಣಿಗೆ ನೇರವಾಗಿ, ಶಾಖಕ್ಕೆ ದೂರವಾಗಿ ಇರಲಿ.

3. ಬಂದ ಚೀಟಿಯನ್ನು ಎರಡು ಭಾಗ ಮಾಡಿ

ಚೀಟಿ ಕೈಗೆ ಬಂದ ಕೂಡಲೇ ಸ್ಟಾರ್ಟರ್ ಮತ್ತು ಮುಖ್ಯ ಊಟದ ನಡುವೆ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆಯ ಮೇಲಿನದು ತಕ್ಷಣ ಶುರುವಾಗಬಹುದು. ಕೆಳಗಿನದಕ್ಕೆ ಕಾಯಿಸಿ ಎಂಬ ಗುರುತು ಹಾಕಿ. ಅದನ್ನು ಬಿಡಿಸುವ ಅಧಿಕಾರ ಹೊರಗೆ ಟೇಬಲ್‌ಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್‌ಗೆ ಮಾತ್ರ, ಏಕೆಂದರೆ ಟೇಬಲ್ ಅವರ ಕಣ್ಣೆದುರಿಗಿದೆ. ಸ್ಟಾರ್ಟರ್ ತಟ್ಟೆಗಳು ಅರ್ಧ ಖಾಲಿಯಾದಾಗ ಅವರು ಪಾಸ್‌ಗೆ ಬಂದು "ಅಣ್ಣ, ಟೇಬಲ್ ಏಳು, ಮೇನ್ ಶುರು ಮಾಡಿಸಿ" ಎನ್ನಬೇಕು. ತಟ್ಟೆ ಪೂರ್ತಿ ಖಾಲಿಯಾದ ಮೇಲೆ ಹೇಳಿದರೆ ಅತಿಥಿಗಳು ಹತ್ತು ಹನ್ನೊಂದು ನಿಮಿಷ ಬರಿದಾದ ಟೇಬಲ್ ನೋಡಬೇಕಾಗುತ್ತದೆ. ಕ್ಯಾಪ್ಟನ್‌ಗಳಿಗೆ ಕಲಿಸಬೇಕಾದ ಅತಿ ಮುಖ್ಯ ಸಂಗತಿ ಇದು ಎಂದು ನನಗನಿಸುತ್ತದೆ.

4. ಮುಗಿಯುವ ಗಳಿಗೆಯಿಂದ ಹಿಂದಕ್ಕೆ ಎಣಿಸಿ

ಈಗ ಲೆಕ್ಕ. ಟೇಬಲ್ 7, ಆರು ಜನ. ಮುಖ್ಯ ಊಟಕ್ಕೆ ಅರ್ಧ ತಂದೂರಿ ಚಿಕನ್, ಪನೀರ್ ಬಟರ್ ಮಸಾಲಾ, ದಾಲ್ ತಡ್ಕಾ, ವೆಜ್ ಫ್ರೈಡ್ ರೈಸ್, ಎಂಟು ಬಟರ್ ನಾನ್. ಕ್ಯಾಪ್ಟನ್ ಶುರು ಮಾಡಿಸಿ ಎಂದದ್ದು 8:44ಕ್ಕೆ. ಅಡುಗೆಮನೆಯಲ್ಲಿರುವುದು ಒಂದೇ ತಂದೂರು.

ಸಮಯಪಟ್ಟಿ ಹೀಗಿದೆ ಎಂದುಕೊಳ್ಳೋಣ. ಸಂಜೆಯೇ ಮುಕ್ಕಾಲು ಬೇಯಿಸಿ ಫ್ರಿಜ್‌ನಲ್ಲಿಟ್ಟ ಚಿಕನ್ ತಂದೂರಿನಲ್ಲಿ ಆರು ನಿಮಿಷ, ಆಮೇಲೆ ಕತ್ತರಿಸಿ ತಟ್ಟೆಗಿಡಲು ಎರಡು ನಿಮಿಷ. ಪನೀರ್ ಆರು ನಿಮಿಷ, ಫ್ರೈಡ್ ರೈಸ್ ನಾಲ್ಕು, ದಾಲ್ ಬಿಸಿ ಮಾಡಿ ಒಗ್ಗರಣೆ ಹಾಕಲು ಮೂರು. ತಂದೂರಿನಲ್ಲಿ ಒಂದು ಸರದಿಗೆ ನಾಲ್ಕು ನಾನ್; ತಟ್ಟಿ, ಅಂಟಿಸಿ, ತೆಗೆದು, ಬೆಣ್ಣೆ ಸವರಿ ಎರಡೂವರೆ ನಿಮಿಷ. ಎಂಟಕ್ಕೆ ಐದು ನಿಮಿಷ.

ಮೊದಲ ಪ್ರಶ್ನೆ, ಕೊನೆಗೆ ಬರಬೇಕಾದದ್ದು ಯಾವುದು? ಎಲ್ಲಕ್ಕಿಂತ ಕಡಿಮೆ ಹೊತ್ತು ಕಾಯಬಲ್ಲದ್ದು, ಅಂದರೆ ನಾನ್. ಅದರ ಕೊನೆಯ ಸರದಿ ಪಾಸ್ ಮುಟ್ಟುವ ಗಳಿಗೆಯೇ ಟೇಬಲ್ ಹೊರಡುವ ಗಳಿಗೆ. ಎರಡನೆಯ ಪ್ರಶ್ನೆ, ಒಂದೇ ಜಾಗಕ್ಕೆ ಯಾವ ಯಾವ ಖಾದ್ಯ ಬೇಕು? ಚಿಕನ್ ಮತ್ತು ನಾನ್ ಎರಡಕ್ಕೂ ತಂದೂರು ಬೇಕು. ಸರಳುಗಳು ನಡುವೆ ನಿಂತಿರುವಾಗ ಗೋಡೆಗೆ ಕೈ ಹಾಕಿ ನಾನ್ ಅಂಟಿಸುವುದು ಕಷ್ಟ, ಕೊಬ್ಬು ತೊಟ್ಟಿಕ್ಕಿ ಏಳುವ ಹೊಗೆಯ ವಾಸನೆ ನಾನ್‌ಗೂ ಹತ್ತುತ್ತದೆ. ಆದ್ದರಿಂದ ಈ ಎರಡನ್ನು ಒಂದರ ಹಿಂದೆ ಒಂದು ಮಾಡಬೇಕು. ಚಿಕನ್ ಆರು ನಿಮಿಷ, ನಾನ್ ಐದು, ಒಟ್ಟು ಹನ್ನೊಂದು. ಈ ಟೇಬಲ್ ಹನ್ನೊಂದು ನಿಮಿಷಕ್ಕಿಂತ ಬೇಗ ಹೊರಡುವುದು ಸಾಧ್ಯವೇ ಇಲ್ಲ. 8:44ಕ್ಕೆ ಹನ್ನೊಂದು ಸೇರಿಸಿದರೆ 8:55. ಚೀಟಿಯ ಮೇಲ್ತುದಿಯಲ್ಲಿ ದೊಡ್ಡದಾಗಿ 8:55 ಎಂದು ಬರೆಯಿರಿ.

ಇನ್ನು ಹಿಂದಕ್ಕೆ ಬನ್ನಿ. ಚಿಕನ್ 8:44ಕ್ಕೇ ತಂದೂರಿಗೆ, 8:50ಕ್ಕೆ ಹೊರಗೆ. ಅದೇ 8:50ಕ್ಕೆ ಮೊದಲ ನಾಲ್ಕು ನಾನ್ ಗೋಡೆಗೆ. ಪನೀರ್ ಕಾಯಬಲ್ಲದ್ದರಿಂದ ಒಂದು ನಿಮಿಷ ಮುಂಚಿತವಾಗಿ ಮುಗಿಯಲಿ, ಹಾಗಾಗಿ ಅದನ್ನು 8:48ಕ್ಕೆ ಕೂಗಬೇಕು. ಫ್ರೈಡ್ ರೈಸ್‌ಗೂ ಒಂದು ನಿಮಿಷದ ಬಿಡುವಿಟ್ಟು 8:50. ದಾಲ್ 8:52. ಚಿಕನ್ನನ್ನು ಹೊರಬಂದ ಕೂಡಲೇ ಕತ್ತರಿಸದೆ ಸರಳಿನಲ್ಲೇ ತಂದೂರಿನ ಬಾಯಿಯ ಬಿಸಿಯಲ್ಲಿಟ್ಟು, 8:53ಕ್ಕೆ ಕತ್ತರಿಸಲಿ. ರಸ ಒಳಗೇ ಉಳಿಯುತ್ತದೆ, ತಟ್ಟೆಯೂ ಬಿಸಿಯಾಗಿ ಹೋಗುತ್ತದೆ.

ಅಂದರೆ ಕೂಗುವವರು ಕೂಗಬೇಕಾದ ಹೊತ್ತುಗಳು ನಾಲ್ಕೇ: 8:44ಕ್ಕೆ ಚಿಕನ್, 8:48ಕ್ಕೆ ಪನೀರ್, 8:50ಕ್ಕೆ ನಾನ್ ಮತ್ತು ರೈಸ್, 8:52ಕ್ಕೆ ದಾಲ್. ಪ್ರತಿ ಸಾಲಿನ ಪಕ್ಕದಲ್ಲೇ ಆ ಸಂಖ್ಯೆ ಬರೆದರೆ ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಏನೂ ಉಳಿಯುವುದಿಲ್ಲ.

ಕ್ರಮವಿಲ್ಲದಿದ್ದರೆ ಇದೇ ಚೀಟಿ ಏನಾಗುತ್ತದೆ ನೋಡಿ. 8:44ಕ್ಕೆ ಎಲ್ಲರೂ ಶುರು ಮಾಡುತ್ತಾರೆ. ತಂದೂರಿನವರು ಬೇಗ ಮುಗಿಯುವ ಕೆಲಸ ಮೊದಲು ಎಂದು ನಾನ್ ಹಾಕುತ್ತಾರೆ, 8:49ಕ್ಕೆ ಎಂಟೂ ಸಿದ್ಧ. ದಾಲ್ 8:47ಕ್ಕೆ, ರೈಸ್ 8:48ಕ್ಕೆ, ಪನೀರ್ 8:50ಕ್ಕೆ ಬಂದು ಕೂರುತ್ತವೆ. ಚಿಕನ್ ತಂದೂರು ಸೇರುವುದೇ 8:49ಕ್ಕೆ, ಪಾಸ್‌ಗೆ ಬರುವುದು 8:57ಕ್ಕೆ. ಟೇಬಲ್ ಎರಡೇ ನಿಮಿಷ ತಡ, ಆದರೆ ನಾನ್ ಎಂಟು ನಿಮಿಷ ಹಳೆಯದು. ಒಬ್ಬರೂ ಸೋಮಾರಿತನ ಮಾಡಿಲ್ಲ, ಆದರೂ ಊಟ ಕೆಟ್ಟಿತು.

5. ಕೂಗಿ, ಮರುಮಾತು ಕೇಳಿಸಿಕೊಳ್ಳಿ

ಕೂಗುವ ಕ್ರಮ ಯಾವಾಗಲೂ ಒಂದೇ ಇರಲಿ: ಟೇಬಲ್, ಸಂಖ್ಯೆ, ಖಾದ್ಯ. "ಏಳು, ಎಂಟು ಬಟರ್ ನಾನ್." ಸೆಕ್ಷನ್‌ನವರು ಅದನ್ನೇ ಮರಳಿ ಹೇಳಬೇಕು. ಹೂಂ ಎಂದರೆ ಸಾಲದು. ಎಕ್ಸಾಸ್ಟ್ ಫ್ಯಾನಿನ ಸದ್ದಿನಲ್ಲಿ ಏಳು ಎಂದದ್ದು ಎಂಟಾಗಿ ಕೇಳಿರಬಹುದು. ಬೆಂಗಳೂರಿನ ಅಡುಗೆಮನೆಗಳಲ್ಲಿ ಕ್ಯಾಪ್ಟನ್ ಕುಂದಾಪುರದವರು, ಚೈನೀಸ್‌ನವರು ನೇಪಾಳದವರು, ಗ್ರೇವಿಯವರು ಒಡಿಶಾದವರು ಇರುವುದು ಸಾಮಾನ್ಯ. ಯಾವ ಭಾಷೆಯಲ್ಲಿ ಕೂಗಬೇಕೆಂದು ವಾದ ಮಾಡುವ ಬದಲು, ಸಂಖ್ಯೆಗಳನ್ನು ಎಲ್ಲರಿಗೂ ತಿಳಿಯುವ ಒಂದೇ ಭಾಷೆಯಲ್ಲಿ ನಿಗದಿ ಮಾಡಿ, ಖಾದ್ಯದ ಹೆಸರನ್ನು ಚೀಟಿಯಲ್ಲಿರುವಂತೆಯೇ ಹೇಳಿ. ಪ್ರತಿಯೊಬ್ಬರೂ ತಮ್ಮದೇ ಅಡ್ಡಹೆಸರು ಇಟ್ಟುಕೊಂಡಲ್ಲಿ ತಪ್ಪು ತಟ್ಟೆ ಬಂದೇ ಬರುತ್ತದೆ.

ಮಾಲೀಕರಿಗೆ ಒಂದು ವಿನಂತಿ. ರಶ್ ಹೊತ್ತಿನಲ್ಲಿ ನೀವೂ ಒಳಗೆ ಬಂದು ಕೂಗಬೇಡಿ. ಪರಿಚಯದವರು ಕುಳಿತಿದ್ದಾರೆ, ಅವರದ್ದು ಬೇಗ ಕೊಡಿ ಎಂಬುದಿದ್ದರೆ ಕೂಗುವವರ ಕಿವಿಯಲ್ಲಿ ಹೇಳಿ. ಎರಡು ದನಿ ಕೇಳಿದ ಸೆಕ್ಷನ್ ಜೋರಾದ ದನಿಗೆ ತಿರುಗುತ್ತದೆ, ನಡೆಯುತ್ತಿದ್ದ ಲೆಕ್ಕ ಅಲ್ಲಿಗೆ ಮುರಿಯುತ್ತದೆ.

6. ಎರಡು ಚೀಟಿ ಒಂದೇ ಜಾಗಕ್ಕೆ ಬಂದಾಗ

ಒಂದು ಟೇಬಲ್ಲಿನ ಲೆಕ್ಕ ಯಾರಾದರೂ ಮಾಡಿಯಾರು. ನಿಜವಾದ ಪರೀಕ್ಷೆ ಇಲ್ಲಿದೆ. 8:47ಕ್ಕೆ ಟೇಬಲ್ 11ರಿಂದ ಪನೀರ್ ಟಿಕ್ಕಾ ಬಂತು ಎನ್ನಿ. ಅದಕ್ಕೂ ತಂದೂರು ಬೇಕು, ಆರು ನಿಮಿಷ. ಈಗಲೇ ಸರಳು ಇಳಿಸಿದರೆ ಅದು ಹೊರಬರುವುದು 8:53ಕ್ಕೆ. ಆದರೆ 8:50ರಿಂದ ಆ ಗೋಡೆ ಟೇಬಲ್ 7ರ ನಾನ್‌ಗೆ ಮೀಸಲು.

ಎರಡು ದಾರಿಗಳಿವೆ. ಟಿಕ್ಕಾವನ್ನು 8:55ರವರೆಗೆ ಕಾಯಿಸುವುದು ಒಂದು. ಆಗ ಟೇಬಲ್ 11ಕ್ಕೆ ಅದು ಸಿಗುವುದು 9:01ಕ್ಕೆ. ಅವರ ಮುಂದೆ ನೀರಿನ ಲೋಟ ಬಿಟ್ಟರೆ ಏನೂ ಇಲ್ಲ. ಇನ್ನೊಂದು ದಾರಿಯಲ್ಲಿ ಟಿಕ್ಕಾ ಈಗಲೇ ಇಳಿಯುತ್ತದೆ, ಚಿಕನ್ ಸರಳಿನ ಪಕ್ಕದಲ್ಲೇ. ಟೇಬಲ್ 7ರ ಹೊರಡುವ ಗಳಿಗೆ ಮೂರು ನಿಮಿಷ ಮುಂದಕ್ಕೆ ಹೋಗಿ 8:58 ಆಗುತ್ತದೆ. ಟೇಬಲ್ 7ರವರು ಇನ್ನೂ ಸ್ಟಾರ್ಟರ್ ತಿನ್ನುತ್ತಿದ್ದಾರೆ, ಮೂರು ನಿಮಿಷ ಅವರ ಗಮನಕ್ಕೇ ಬಾರದು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಏನೂ ಇಲ್ಲದ ಟೇಬಲ್ಲಿಗೆ ಮೊದಲ ತಟ್ಟೆ ಸೇರಿಸುವುದು, ತಿನ್ನುತ್ತಿರುವ ಟೇಬಲ್ಲಿಗೆ ಮುಂದಿನ ತಟ್ಟೆ ಸೇರಿಸುವುದಕ್ಕಿಂತ ಅವಸರದ್ದು.

ಆದರೆ ಈ ತೀರ್ಮಾನಕ್ಕೆ ಒಂದು ಗಡುವಿದೆ. 8:47ರಲ್ಲಿ ಪನೀರ್ ಬಟರ್ ಮಸಾಲಾ ಇನ್ನೂ ಒಲೆಗೇರಿಲ್ಲ, 8:48ಕ್ಕೆ ಏರುತ್ತದೆ. ಈಗ ಮುಂದಕ್ಕೆ ಹಾಕಿದರೆ ಅದನ್ನು 8:51ಕ್ಕೆ, ನಾನ್ ಮತ್ತು ರೈಸನ್ನು 8:53ಕ್ಕೆ, ದಾಲನ್ನು 8:55ಕ್ಕೆ ಕೂಗಿದರಾಯಿತು, ಯಾವುದೂ ಕೆಡುವುದಿಲ್ಲ. ಚಿಕನ್ ಮಾತ್ರ ಮೂರು ನಿಮಿಷ ಹೆಚ್ಚು ಕಾಯುತ್ತದೆ, ಕತ್ತರಿಸುವ ಮುನ್ನ ಅರ್ಧ ನಿಮಿಷ ತಂದೂರಿಗೆ ತೋರಿಸಿದರೆ ಸರಿಹೋಗುತ್ತದೆ. ಇದೇ ತೀರ್ಮಾನವನ್ನು 8:51ಕ್ಕೆ ಮಾಡಿದರೆ ಮೊದಲ ಸರದಿಯ ನಾನ್ ಗೋಡೆಯ ಮೇಲಿರುತ್ತದೆ, ರೈಸ್ ಬಾಣಲೆಯಲ್ಲಿರುತ್ತದೆ. ಆಗ ಮುಂದೂಡಬೇಡಿ, ಟಿಕ್ಕಾವನ್ನೇ ಕಾಯಿಸಿ, ಟೇಬಲ್ 11ಕ್ಕೆ ತಂದೂರು ಬೇಡದ ಸೂಪ್ ಅಥವಾ ಮಸಾಲಾ ಪಾಪಡ್ ಏನಾದರೂ ಮೊದಲು ಹೋಗುವಂತೆ ಕ್ಯಾಪ್ಟನ್‌ಗೆ ಹೇಳಿ.

ಹೊರಡುವ ಗಳಿಗೆ ಬದಲಾದಾಗ ಹಳೆಯ 8:55ನ್ನು ಹೊಡೆದು 8:58 ಎಂದು ಬರೆಯಿರಿ, ಮೂರೂ ಸೆಕ್ಷನ್‌ಗಳಿಗೆ ಕೂಗಿ ಹೇಳಿ. ತಂದೂರಿಗೆ ಮಾತ್ರ ಹೇಳಿ ಗ್ರೇವಿಯವರಿಗೆ ಹೇಳಲು ಮರೆಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು.

ಬೇರೆ ಬೇರೆ ಚೀಟಿಗಳ ಒಂದೇ ಖಾದ್ಯವನ್ನು ಸೇರಿಸಿ ಮಾಡುವ ಆಸೆಯೂ ಈ ಹೊತ್ತಿನಲ್ಲೇ ಹುಟ್ಟುತ್ತದೆ. ಮೂರು ಟೇಬಲ್ಲಿನ ಗೋಬಿ ಒಟ್ಟಿಗೆ ಹಾಕಿದರೆ ಸಮಯ ಉಳಿಯುತ್ತದೆ ಎನಿಸುತ್ತದೆ. ಎರಡು ಪ್ಲೇಟಿನವರೆಗೆ ಅದು ನಿಜ. ಅದಕ್ಕಿಂತ ಹೆಚ್ಚು ಗೋಬಿ ಒಮ್ಮೆಗೇ ಬಿದ್ದರೆ ಎಣ್ಣೆಯ ಬಿಸಿ ಇಳಿಯುತ್ತದೆ, ಹೊದಿಕೆ ಗರಿಯಾಗುವ ಬದಲು ಎಣ್ಣೆ ಕುಡಿಯುತ್ತದೆ. ಎಣ್ಣೆಯ ಗುಳ್ಳೆಗಳು ದಿಢೀರನೆ ಮಂದವಾದರೆ ಹೆಚ್ಚಾಯಿತೆಂದು ತಿಳಿಯಿರಿ. ಎರಡು ಪ್ಲೇಟನ್ನೂ ಆ ಟೇಬಲ್ಲುಗಳು ಎರಡು ಮೂರು ನಿಮಿಷದ ಅಂತರದಲ್ಲಿ ಹೊರಡುವಂತಿದ್ದರೆ ಮಾತ್ರ ಸೇರಿಸಿ.

ಆನ್‌ಲೈನ್ ಪಾರ್ಸೆಲ್ ಚೀಟಿಗೂ ಹೊರಡುವ ಗಳಿಗೆ ಬರೆದು ಅದೇ ಪಟ್ಟಿಯಲ್ಲಿ ಸಿಕ್ಕಿಸಿ. ಬೇರೆ ಮೂಲೆಯಲ್ಲಿಟ್ಟರೆ ತಂದೂರಿನ ಮೇಲೆ ಎಷ್ಟು ಭಾರವಿದೆ ಎಂಬುದು ಕೂಗುವವರಿಗೆ ತಿಳಿಯದು. ವಾರಾಂತ್ಯದ ರಾತ್ರಿ ಆ್ಯಪ್‌ನಲ್ಲಿ ತಯಾರಿ ಸಮಯವನ್ನು ಮೊದಲೇ ಹೆಚ್ಚಿಸಿಡಿ.

7. ಒಂದು ತಟ್ಟೆ ಕೈಕೊಟ್ಟಾಗ

8:53ಕ್ಕೆ ಎರಡು ನಾನ್ ಗೋಡೆಯಿಂದ ಕಳಚಿ ಕೆಂಡಕ್ಕೆ ಬಿದ್ದವು ಎನ್ನಿ. ತಂದೂರಿನವರು ಅದನ್ನು ತಕ್ಷಣ ಹೇಳಬೇಕು, ಮುಚ್ಚಿಡಬಾರದು. ಹೇಳಿದವರ ಮೇಲೆ ರೇಗಿದರೆ ಮುಂದಿನ ಸಲ ಅವರು ಹೇಳುವುದಿಲ್ಲ. ಬದಲಿ ನಾನ್ ಎರಡೂವರೆ ನಿಮಿಷದಲ್ಲಿ ಬರುತ್ತದೆಯಾದ್ದರಿಂದ ಇಡೀ ಟೇಬಲನ್ನು ತಡೆಯಬೇಡಿ. ಆರು ನಾನ್ ಕಳಿಸಿ, ಉಳಿದೆರಡು ಬಿಸಿಯಾಗಿ ಹಿಂದೆಯೇ ಬರುತ್ತವೆ ಎಂದು ಕ್ಯಾಪ್ಟನ್ ಹೇಳಲಿ. ಆದರೆ ಕೆಟ್ಟದ್ದು ಚಿಕನ್ ಆಗಿದ್ದರೆ ಮತ್ತೆ ಎಂಟು ನಿಮಿಷ ಬೇಕು. ಅಷ್ಟು ಹೊತ್ತು ನಾನ್ ಕಾಯುವುದಿಲ್ಲ. ಉಳಿದದ್ದೆಲ್ಲ ಹೊರಡಲಿ, ಬದಲಿ ಚಿಕನ್ ತಂದೂರಿಗೆ ಇಳಿಯಲಿ, ಅದನ್ನು ತಿನ್ನುವವರಿಗಾಗಿ ಎರಡು ನಾನ್‌ಗಳನ್ನು ಅದರ ಜೊತೆಗೇ ಹೊಸದಾಗಿ ಮಾಡಿಸಿ.

ಟೇಬಲ್ ಹೊರಟ ನಿಜವಾದ ಸಮಯವನ್ನು ಚೀಟಿಯ ಕೆಳಗೆ ಬರೆದು ಸೂಜಿಗೆ ಚುಚ್ಚಿ. ಮರುದಿನ ಬೆಳಿಗ್ಗೆ ಟೀ ಕುಡಿಯುತ್ತಾ ಹಿಂದಿನ ರಾತ್ರಿಯ ಚೀಟಿಗಳನ್ನು ತಿರುವಿ ಹಾಕಿ, ಮೇಲಿನ ಸಂಖ್ಯೆಗೂ ಕೆಳಗಿನ ಸಂಖ್ಯೆಗೂ ಮೂರು ನಿಮಿಷಕ್ಕಿಂತ ಹೆಚ್ಚು ಅಂತರವಿರುವವನ್ನು ಬೇರೆ ಮಾಡಿ. ಅವುಗಳಲ್ಲಿ ಒಂದೇ ಖಾದ್ಯ ಮತ್ತೆ ಮತ್ತೆ ಕಂಡರೆ ಸಮಯಪಟ್ಟಿಯಲ್ಲಿ ಅದರ ಸಂಖ್ಯೆ ತಪ್ಪಾಗಿದೆ, ತಿದ್ದಿ. ಖಾದ್ಯಗಳು ಬೇರೆ ಬೇರೆಯಾಗಿದ್ದು ಸೆಕ್ಷನ್ ಮಾತ್ರ ಒಂದೇ ಆಗಿದ್ದರೆ, ಅದೂ ವಾರದಿಂದ ವಾರಕ್ಕೆ ಹಾಗೆಯೇ ಕಂಡರೆ, ಇನ್ನೊಂದು ತಂದೂರಿನ ವಿಚಾರವನ್ನು ಆಗ ಮಾತನಾಡಬಹುದು.